ಹೈಪರ್ರೋ ಹೈಪೋನೋ?

ಕಳೆದ ಮಳೆಗಾಲದಲ್ಲಿ ನನಗೆ ವಿಪರೀತ ಸುಸ್ತು, ತಲೆಸುತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಕೊಟ್ಟ ವರದಿಯಲ್ಲಿ ಎರಡು ಉದ್ದದ ಪದಗಳಿದ್ದವು: ಹೈಪರ್‌ಟೆನ್ಷನ್, ಹೈಪೋನೇಟ್ರೀಮಿಯಾ. ಮೊದಲನೆಯದು ನನ್ನ ಹಳೆಯ ಬಿ.ಪಿ. ಎರಡನೆಯದು ಅದರ ತಂಗಿಯೇ ಇರಬೇಕೆಂದುಕೊಂಡು, ಸಾರಿಗೆ ಹಾಕುತ್ತಿದ್ದ ಚಿಟಿಕೆ ಉಪ್ಪನ್ನೂ ಬಿಟ್ಟುಬಿಟ್ಟೆ.

ಸಂಜೆ ಮೊಮ್ಮಗಳು ನಿಘಂಟು ಹಿಡಿದು ಕೂತಳು. "ಅಜ್ಜೀ, ಸಂಧಿ ಬಿಡಿಸಿದ ಹಾಗೆ ಬಿಡಿಸೋಣ. ಹೈಪರ್ ಅಂದ್ರೆ ಹೆಚ್ಚು, ಹೈಪೋ ಅಂದ್ರೆ ಕಡಿಮೆ. ನೇಟ್ರಿಯಂ ಅನ್ನೋದು ಸೋಡಿಯಂನ ಲ್ಯಾಟಿನ್ ಹೆಸರು. ಅದಕ್ಕೇ ಅದರ ಚಿಹ್ನೆ Na. ಈಮಿಯಾ ಅಂದ್ರೆ ರಕ್ತದಲ್ಲಿ."

ಕೂಡಿಸಿದರೆ, ರಕ್ತದಲ್ಲಿ ಸೋಡಿಯಂ ಕಡಿಮೆ! ಪಕ್ಕದಲ್ಲೇ 128 ಎಂದಿತ್ತು. ಇರಬೇಕಾದದ್ದು 135ರಿಂದ 145. ನಾನು ತಿಳಿದದ್ದಕ್ಕೆ ತೀರಾ ಉಲ್ಟಾ.

"ಹಾಗಾದ್ರೆ ಉಪ್ಪು ಜಾಸ್ತಿ ತಿನ್ನಲೇನೇ?" ಎಂದೆ.

"ಡಾಕ್ಟರನ್ನೇ ಕೇಳೋಣ ಅಜ್ಜಿ."

ಕೇಳಿದ್ದು ಒಳ್ಳೆಯದಾಯಿತು. "ಉಪ್ಪು ಹೆಚ್ಚಿಸಬೇಡಿ, ಬಿ.ಪಿ. ಏರುತ್ತದೆ. ನಿಮ್ಮ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧ ಇದೆ. ಸೋಡಿಯಂ ಇಳಿದದ್ದು ಅದರಿಂದ" ಎಂದು ಡಾಕ್ಟರು ಮಾತ್ರೆ ಬದಲಿಸಿದರು. ಎರಡು ವಾರದ ಮೇಲೆ 136 ಬಂತು. ಪದ ಬಿಡಿಸಿದರೆ ಏನಾಗಿದೆ ಎಂದು ಗೊತ್ತಾಗುತ್ತದೆ. ಏಕಾಯಿತು ಎಂಬುದು ಅದರಲ್ಲಿರುವುದಿಲ್ಲ.

ಈಗ ಅವಳು ತಾತನ ಹಳೆಯ ಫೈಲನ್ನೂ ಬಿಚ್ಚಿದ್ದಾಳೆ. "ಅಪೆಂಡಿಸೈಟಿಸ್: ಐಟಿಸ್ ಅಂದ್ರೆ ಉರಿಯೂತ. ಅಪೆಂಡೆಕ್ಟಮಿ: ಎಕ್ಟಮಿ ಅಂದ್ರೆ ಕತ್ತರಿಸಿ ತೆಗೆಯೋದು. ತಾತಾ, ನಿಮ್ಮ ಅಪೆಂಡಿಕ್ಸ್ ಇಲ್ವಾ?"

ತಾತ ಹೊಟ್ಟೆ ಮುಟ್ಟಿ ನೋಡಿಕೊಂಡರು.