ಮೂರು ಮಿಲಿಮೀಟರ್ ಹುಳಕ್ಕೊಂದು ಪತ್ರ

ಹುಳದ ಹೆಸರು ತಿಳಿಯದೆ ಮದ್ದು ಹುಡುಕೋಕೆ ಆಗಲ್ಲ. ದಸರಾ ರಜೆಯಲ್ಲಿ ನಾವಿಬ್ಬರು ರೂಮ್‌ಮೇಟ್‌ಗಳು ಮ್ಯೂಸಿಯಂ ಕ್ಯುರೇಟರ್ ಒಬ್ಬರಿಗೆ ಪತ್ರ ಬರೆದಿದ್ದು ಇದೇ ಕಾರಣಕ್ಕೆ. ನಮ್ಮಲ್ಲೊಬ್ಬನ ಅಜ್ಜಿ ಮನೆ ಅರಸೀಕೆರೆ ಕಡೆಯ ಒಂದು ಹಳ್ಳಿಯಲ್ಲಿದೆ. ಅಲ್ಲಿನ ಅಟ್ಟದ ಮೇಲೆ ಹಲಸಿನ ಮರದ ಒಂದು ಹಳೇ ಟ್ರಂಕು. ಅದರೊಳಗೆ ತಾತನ ಕಂಬಳಿ, ಅಜ್ಜಿಯ ಧಾರೆ ಸೀರೆ, ನಾಲ್ಕು ಹತ್ತಿ ಪಂಚೆ ಮತ್ತು ಈ ಹುಳ.

ಏನು ಮಾಡಬೇಕು ಅನ್ನೋದಕ್ಕೆ ಮನೆಯಲ್ಲಿ ಮೂರು ಅಭಿಪ್ರಾಯ ಇತ್ತು. ಮಾವ ಟ್ರಂಕನ್ನೇ ಸುಟ್ಟುಬಿಡೋಣ ಅಂದರು. ಮರ ಕೊರೆಯೋ ಹುಳ ಆಗಿದ್ದರೆ ನಾಳೆ ಮನೆಯ ತೊಲೆಗೆ ಹತ್ತುತ್ತೆ ಅನ್ನೋದು ಅವರ ಭಯ. ಅತ್ತೆ ಸ್ಪ್ರೇ ಹೊಡೆಯೋಣ ಅಂದರು. ಅಜ್ಜಿ ಮಾತ್ರ, "ನುಸಿ ಕಣ್ರೋ ಅದು, ನುಸಿಗುಳಿಗೆ ಹಾಕಿ ಮುಚ್ಚಿ. ಸೀರೆಗೆ ಮಾತ್ರ ಏನೂ ಹೊಡೀಬೇಡಿ" ಅಂದರು. ಬಟ್ಟೆಗೆ ಬಂದರೂ ನುಸಿ, ಬೇಳೆಗೆ ಬಂದರೂ ನುಸಿ, ಅಜ್ಜಿಗೆ ಎಲ್ಲಾ ಒಂದೇ. ಆದರೆ ಮರ ತಿನ್ನೋ ಹುಳಕ್ಕೆ ಮಾಡೋ ಉಪಾಯ ಬೇರೆ, ಉಣ್ಣೆ ತಿನ್ನೋದಕ್ಕೆ ಬೇರೆ. ಅಡುಗೆಮನೆ ಮಸಾಲೆಯಿಂದ ಹಾರಿಬಂದ ಹುಳ ಆಗಿದ್ದರೆ ಟ್ರಂಕಿಗೆ ಏನೂ ಮಾಡಬೇಕಾಗೇ ಇಲ್ಲ.

ಮೊದಲು ಕಣ್ಣಿಗೆ ಕಂಡಿದ್ದನ್ನು ಹೇಳ್ತೀವಿ. ಟ್ರಂಕಿನ ಮೂಲೆಯಲ್ಲಿ ಮೂರು ಸತ್ತ ಹುಳ ಸಿಕ್ಕವು. ಒಂದೊಂದೂ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು, ಗುಂಡಗೆ, ಕಂದು ಬಣ್ಣದ ಮೇಲೆ ಬಿಳಿ, ಹಳದಿ ಮಚ್ಚೆ. ಮುಂದಿನ ಎರಡು ರೆಕ್ಕೆ ಗಟ್ಟಿ ಮುಚ್ಚಳದ ಹಾಗಿದ್ದು, ಬೆನ್ನಿನ ಮಧ್ಯದಲ್ಲಿ ನೇರ ಗೆರೆಯಾಗಿ ಕೂಡುತ್ತಿದ್ದವು. ಅಂದರೆ ಜೀರುಂಡೆ ಜಾತಿ ಅನ್ನೋದು ಖಚಿತ. ಆದರೆ ಮನೆಯೊಳಗೆ ಸಿಗೋ ಸಣ್ಣ ಜೀರುಂಡೆಗಳೇ ಹಲವು. ಮರದ ಹಿಟ್ಟು ಉದುರಿಸೋ ಹುಳ ಸಾಮಾನ್ಯವಾಗಿ ಉದ್ದಕ್ಕೆ, ಸಪೂರವಾಗಿರುತ್ತೆ. ಮೆಣಸಿನಪುಡಿ, ಧನಿಯಾದಲ್ಲಿ ಸಿಗೋದು ಒಂದೇ ಸಮ ಕೆಂಪು ಕಂದು ಬಣ್ಣದ್ದು, ತಲೆ ಕೆಳಗೆ ಬಗ್ಗಿಸಿಕೊಂಡು ಗೂನು ಬೆನ್ನಿನ ಹಾಗೆ ಕಾಣುತ್ತೆ. ನಮ್ಮದು ಎರಡರ ಹಾಗೂ ಇರಲಿಲ್ಲ. ಅನುಮಾನ ತೀರಿಸಬೇಕು ಅಂದರೆ ಮೀಸೆ, ಅಂದರೆ ಆಂಟೆನಾ, ಕಾಣಬೇಕು. ಅದು ತುದಿಯಲ್ಲಿ ಗದೆಯ ಹಾಗೆ ದಪ್ಪ ಇದೆಯಾ, ಗರಗಸದ ಹಲ್ಲಿನ ಹಾಗಿದೆಯಾ ಅನ್ನೋದರ ಮೇಲೆ ಕುಟುಂಬ ಗೊತ್ತಾಗುತ್ತೆ.

ಇಲ್ಲಿಂದ ಶುರುವಾಗಿದ್ದು ನಮ್ಮ ಇಂಜಿನಿಯರಿಂಗ್. ಕೆಟ್ಟುಹೋದ ಡಿವಿಡಿ ಡ್ರೈವ್‌ನಿಂದ ಪುಟ್ಟ ಲೆನ್ಸ್ ಬಿಚ್ಚಿ ಫೋನಿನ ಕ್ಯಾಮೆರಾ ಮೇಲೆ ಟೇಪ್‌ನಿಂದ ಅಂಟಿಸಿದೆವು. ಹುಳ ದೊಡ್ಡದಾಗಿ ಕಾಣುತ್ತೆ, ಆದರೆ ಒಮ್ಮೆಗೆ ಫೋಕಸ್‌ನಲ್ಲಿರೋದು ಅದರ ತೆಳುವಾದ ಒಂದು ಪದರ ಅಷ್ಟೇ. ಬೆನ್ನು ಸ್ಪಷ್ಟವಾಗಿದ್ದರೆ ಕಾಲು ಮಸುಕು. ಅದಕ್ಕೆ ಫೋನನ್ನು ಎರಡು ಪುಸ್ತಕಗಳ ಮೇಲೆ ಅಲುಗಾಡದ ಹಾಗಿಟ್ಟು ಫೋಕಸ್ ಲಾಕ್ ಮಾಡಿ, ಹುಳವನ್ನು ಎ4 ಹಾಳೆಗಳ ಕಂತೆಯ ಮೇಲಿಟ್ಟೆವು. ಜೆರಾಕ್ಸ್ ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್. ಕೆಳಗಿನಿಂದ ಒಂದೊಂದೇ ಹಾಳೆ ಎಳೆಯೋದು, ಒಂದೊಂದು ಫೋಟೋ ತೆಗೆಯೋದು. ಹನ್ನೆರಡು ಹಾಳೆಯಲ್ಲಿ ಇಡೀ ಹುಳ ಮುಗಿಯಿತು. ಟಾರ್ಚಿನ ಬೆಳಕು ನೇರವಾಗಿ ಬಿದ್ದರೆ ಬೆನ್ನು ಹೊಳೆದು ಮಚ್ಚೆ ಅಳಿಸಿಹೋಗುತ್ತೆ, ಹಾಗಾಗಿ ಮಧ್ಯೆ ಬಟರ್ ಪೇಪರ್ ಹಿಡಿದೆವು.

ಅಳತೆ ಪಟ್ಟಿ ಇಲ್ಲದ ಹುಳದ ಫೋಟೋಗೆ ಬೆಲೆ ಕಡಿಮೆ. ಡ್ರಾಯಿಂಗ್ ಕ್ಲಾಸಿನ ಗ್ರಾಫ್ ಶೀಟ್ ಇತ್ತು, ಅದರ ಸಣ್ಣ ಚೌಕ 1 ಮಿಲಿಮೀಟರ್. ಆದರೆ ಅದನ್ನು ಹುಳದ ಕೆಳಗಿಟ್ಟರೆ ಒಂದು ತೊಂದರೆ. ಲೆನ್ಸಿನಿಂದ ಕಾಗದಕ್ಕೆ ಸುಮಾರು 15 ಮಿಲಿಮೀಟರ್ ದೂರ. ಹುಳದ ಅಗಲ ಜಾಸ್ತಿ ಇರೋ ಭಾಗ ಕಾಗದಕ್ಕಿಂತ ಸುಮಾರು 0.6 ಮಿಲಿಮೀಟರ್ ಮೇಲಿದೆ, ಅಂದರೆ ಲೆನ್ಸಿಗೆ ಹತ್ತಿರ. ಹತ್ತಿರದ್ದು ದೊಡ್ಡದಾಗಿ ಕಾಣುತ್ತೆ. 0.6ನ್ನು 15ರಿಂದ ಭಾಗಿಸಿದರೆ ಶೇಕಡಾ 4ರಷ್ಟು ತಪ್ಪು. ಅದಕ್ಕೆ ಗ್ರಾಫ್‌ನ ಒಂದು ಚೂರನ್ನು ಆರು ಹಾಳೆ ಎತ್ತರಕ್ಕೆ ಏರಿಸಿ ಹುಳದ ಪಕ್ಕದಲ್ಲಿಟ್ಟೆವು. ಫೋಟೋದಲ್ಲಿ ಒಂದು ಚೌಕ 210 ಪಿಕ್ಸೆಲ್, ಹುಳ 630 ಪಿಕ್ಸೆಲ್. ಉದ್ದ 3 ಮಿಲಿಮೀಟರ್.

ಹುಳವನ್ನು ಒರೆಸೋದು ಮಾತ್ರ ಮಾಡಬಾರದು. ಆ ಮಚ್ಚೆಗಳು ಮೈಯ ಬಣ್ಣ ಅಲ್ಲ, ಚಿಟ್ಟೆ ರೆಕ್ಕೆಯ ಪುಡಿಯ ಹಾಗೆ ಮೇಲೆ ಕೂತ ಸಣ್ಣ ಸಣ್ಣ ಹುರುಪೆ. ಟಿಶ್ಯೂನಲ್ಲಿ ಉಜ್ಜಿದರೆ ಗುರುತೇ ಉದುರಿಹೋಗುತ್ತೆ. ಇನ್ನು ಆಂಟೆನಾ. ಒಣಗಿದ ಹುಳ ಅದನ್ನು ಮಡಚಿಕೊಂಡಿತ್ತು, ಎಳೆದರೆ ಮುರಿಯುತ್ತೆ. ಮುಚ್ಚಳ ಇರೋ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಇಟ್ಟು, ನೀರು ತಾಕದ ಹಾಗೆ ಹುಳವನ್ನು ಒಂದು ದಿನ ಒಳಗಿಟ್ಟೆವು. ತೇವಕ್ಕೆ ಕೀಲು ಮೆತ್ತಗಾದ ಮೇಲೆ ಸೂಜಿ ತುದಿಯಿಂದ ಆಂಟೆನಾ ಹೊರಗೆ ಬಂತು. ತುದಿಯಲ್ಲಿ ಗದೆ! ಅದು ಮಡಚಿಕೊಂಡಿದ್ದ ಜಾಗದಲ್ಲಿ ಅಚ್ಚು ಹೊಯ್ದ ಹಾಗೆ ಒಂದು ಗುಳಿ.

ಬೆನ್ನು, ಹೊಟ್ಟೆ, ಪಕ್ಕ, ಮುಖ, ಹೀಗೆ ನಾಲ್ಕು ಫೋಟೋ ಆರಿಸಿ ಈ ಪತ್ರ ಬರೆದೆವು:

"ಮಾನ್ಯರೇ, ನಾವು ಎರಡನೇ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಅರಸೀಕೆರೆ ತಾಲ್ಲೂಕಿನ ಒಂದು ಮನೆಯ ಅಟ್ಟದಲ್ಲಿದ್ದ ಮರದ ಟ್ರಂಕಿನಲ್ಲಿ ಸಿಕ್ಕ ಜೀರುಂಡೆಯ ನಾಲ್ಕು ಫೋಟೋ ಕಳಿಸುತ್ತಿದ್ದೇವೆ. ಪಕ್ಕದ ಒಂದು ಚೌಕ 1 ಮಿಲಿಮೀಟರ್.

ನಾವು ಕಂಡದ್ದು: ಮೂರು ಹುಳ, ಮೂರೂ ಸತ್ತಿದ್ದವು. ಕಂಬಳಿಯಲ್ಲಿ ಅಂಚು ಸರಿಯಿಲ್ಲದ ಹಲವು ತೂತು. ರೇಷ್ಮೆ ಸೀರೆಯ ಮಡಿಕೆಯಲ್ಲಿ ಎರಡು ತೂತು. ಹತ್ತಿ ಪಂಚೆಗಳಿಗೆ ಏನೂ ಆಗಿಲ್ಲ. ಬಟ್ಟೆಯ ನಡುವೆ ಭತ್ತದ ಹೊಟ್ಟಿನಂಥ, ಕಂದು ಕೂದಲಿರುವ ಖಾಲಿ ಪೊರೆಗಳು ಸಿಕ್ಕಿವೆ, ಅವುಗಳ ಫೋಟೋ ಐದನೆಯದು. ಮರದಲ್ಲಿ ತೂತಾಗಲಿ, ಪುಡಿಯಾಗಲಿ ಇಲ್ಲ. ಕಿಟಕಿ ಪಕ್ಕದಲ್ಲಿ ಇಂಥದೇ ಒಂದು ಜೀವಂತ ಹುಳ ಕಂಡಿತ್ತು.

ನಮ್ಮ ಊಹೆ: ಇದು ಉಣ್ಣೆ ತಿನ್ನುವ ಜಾತಿ. ಇದರ ಹೆಸರು ತಿಳಿಸಿದರೆ ಬಟ್ಟೆಗೆ ಏನು ಮಾಡಬೇಕೆಂದು ನಿರ್ಧರಿಸಬಹುದು. ಹುಳಗಳನ್ನು ಮುಚ್ಚಿದ ಡಬ್ಬಿಯಲ್ಲಿ ಇಟ್ಟಿದ್ದೇವೆ. ಕಳಿಸಬೇಕೇ?"

ಕಂಡದ್ದು ಒಂದು ಕಡೆ, ಊಹೆ ಇನ್ನೊಂದು ಕಡೆ. ಲ್ಯಾಬ್ ರೆಕಾರ್ಡಿನಲ್ಲಿ ಅಬ್ಸರ್ವೇಶನ್, ಇನ್ಫರೆನ್ಸ್ ಅಂತ ಎರಡು ಕಾಲಂ ಹಾಕ್ತೀವಲ್ಲ, ಹಾಗೆ. ಹುಳ ನೋಡೋರಿಗೆ ನಮ್ಮ ಊಹೆಗಿಂತ ಪಂಚೆಗೆ ಏನೂ ಆಗಿಲ್ಲ ಅನ್ನೋದೇ ಹೆಚ್ಚು ಉಪಯೋಗ. ಹತ್ತಿ ಅಂದರೆ ಸೆಲ್ಯುಲೋಸ್. ಉಣ್ಣೆ, ರೇಷ್ಮೆ ಪ್ರಾಣಿಗಳಿಂದ ಬಂದ ಪ್ರೋಟೀನು. ಯಾವುದನ್ನು ತಿಂದಿದೆ, ಯಾವುದನ್ನು ಬಿಟ್ಟಿದೆ ಅನ್ನೋದೇ ಅರ್ಧ ಗುರುತು.

ನಾಲ್ಕನೇ ದಿನ ಕ್ಯುರೇಟರ್ ಮೇಡಂ ಉತ್ತರ ಬಂತು. ಅದರ ಮೊದಲ ಸಾಲೇ, ದಯವಿಟ್ಟು ಈಗ ಏನನ್ನೂ ಕಳಿಸಬೇಡಿ ಅಂತ. ನಗು ಬಂತು, ಆಮೇಲೆ ಅರ್ಥ ಆಯಿತು. ಹುಳ ಆಂಥ್ರೀನಸ್ ಅನ್ನೋ ಕುಲದ್ದು. ಇದರದೇ ಕುಲದ ಒಂದು ಪ್ರಭೇದಕ್ಕೆ ಲಿನ್ನೇಯಸ್ 18ನೇ ಶತಮಾನದಲ್ಲೇ ಮ್ಯೂಸಿಯಂ ಹೆಸರನ್ನೇ ಇಟ್ಟಿದ್ದ, ಆಂಥ್ರೀನಸ್ ಮ್ಯೂಸಿಯೋರಮ್. ಸಂಗ್ರಹದ ಪೆಟ್ಟಿಗೆಯಲ್ಲಿ ಸೂಜಿಗೆ ಚುಚ್ಚಿಟ್ಟ ಒಣ ಕೀಟಗಳು ಇವುಗಳ ಮರಿಗೆ ಹಬ್ಬದೂಟ. ಒಂದೇ ಒಂದು ಜೀವಂತ ಮೊಟ್ಟೆ ಒಳಗೆ ಹೋದರೂ ಹಳೇ ಸಂಗ್ರಹ ಪುಡಿಯಾಗಬಹುದು. ಕ್ಯುರೇಟರ್‌ಗಳಿಗೆ ಎಲ್ಲಕ್ಕಿಂತ ಚೆನ್ನಾಗಿ ಪರಿಚಯ ಇರೋ ಹುಳ ಇದೇ, ಶತ್ರುವಾಗಿ.

ಪ್ರಭೇದ ಯಾವುದು ಅಂತ ಅವರು ಹೇಳಲಿಲ್ಲ. ಹುರುಪೆಯ ಚಿತ್ತಾರ ಒಂದೇ ಪ್ರಭೇದದಲ್ಲೂ ಬದಲಾಗುತ್ತೆ, ವಯಸ್ಸಾದ ಹಾಗೆ ಉದುರುತ್ತೆ. ಮೈಕ್ರೋಸ್ಕೋಪಿನಲ್ಲಿ ಆಂಟೆನಾದ ಗಂಟು ಎಣಿಸಿ, ಗಂಡು ಹುಳದ ಜನನಾಂಗ ಬಿಡಿಸಿ ನೋಡದೆ ಅದನ್ನು ಹೇಳೋದು ಕಷ್ಟ. ಆದರೆ ಬಟ್ಟೆ ಉಳಿಸೋಕೆ ಕುಲ ಗೊತ್ತಾದರೆ ಸಾಕು ಅಂತ ಬರೆದಿದ್ದರು.

ಯಾಕೆ ಸಾಕು ಅಂದರೆ, ಬಟ್ಟೆ ತಿನ್ನೋದು ಹುಳದ ಮರಿ. ನಾವು ಹಿಡಿದ ದೊಡ್ಡ ಹುಳ ಹೂವಿನ ಪರಾಗ ತಿಂದು ಬದುಕೋದು, ಬೆಳಕು ಹುಡುಕಿಕೊಂಡು ಕಿಟಕಿಗೆ ಬರೋದು. ಕೂದಲು ತುಂಬಿದ ಮರಿ ಕತ್ತಲಲ್ಲಿ ತಿಂಗಳುಗಟ್ಟಲೆ ಮಡಿಕೆಯೊಳಗೆ ಕೂತು ತಿನ್ನುತ್ತೆ, ಬೆಳೆದ ಹಾಗೆ ಪೊರೆ ಕಳಚುತ್ತೆ. ಟ್ರಂಕಿನ ಮೇಲೆ ಸ್ಪ್ರೇ ಹೊಡೆದರೆ ಮಡಿಕೆಯೊಳಗಿನ ಮರಿಗೆ ತಾಕೋದು ಅನುಮಾನ, ಸೀರೆಗೆ ಕಲೆ ಆಗೋದು ಮಾತ್ರ ಸಾಧ್ಯ. ಸಂದು ಬಿಟ್ಟ ಮರದ ಟ್ರಂಕಿನಲ್ಲಿ ನುಸಿಗುಳಿಗೆಯ ಆವಿಯೂ ನಿಲ್ಲಲ್ಲ.

ಅವರು ಹೇಳಿದ್ದು ಚಳಿ. ಕಂಬಳಿ, ಸೀರೆಯನ್ನು ಬೇರೆ ಬೇರೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ತೆಗೆದು, ಟೇಪ್ ಸುತ್ತಿ, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಬೇಕು. ಮನೆಯ ಸಿಂಗಲ್ ಡೋರ್ ಫ್ರಿಜ್‌ನ ಐಸ್ ಪೆಟ್ಟಿಗೆ ಅಷ್ಟು ತಣ್ಣಗಾಗಲ್ಲ. ಊರಿನ ಐಸ್‌ಕ್ರೀಂ ಅಂಗಡಿಯವರ ಡೀಪ್ ಫ್ರೀಜರ್‌ನಲ್ಲಿ ಒಂದು ಮೂಲೆ ಸಿಕ್ಕಿತು, ಒಳಗೊಂದು ಥರ್ಮಾಮೀಟರ್ ಇಟ್ಟು ನೋಡಿಕೊಂಡೆವು. ಕಂಬಳಿ ದಪ್ಪ ಇರೋದರಿಂದ ಅದರ ಹೊಟ್ಟೆವರೆಗೂ ಚಳಿ ಇಳಿಯೋಕೆ ಸಮಯ ಬೇಕು. ಹೊರಗೆ ತೆಗೆದ ಮೇಲೂ ಒಂದು ದಿನ ಚೀಲ ಬಿಚ್ಚಬಾರದು. ತಣ್ಣಗಿರೋ ವಸ್ತುವಿನ ಮೇಲೆ ಗಾಳಿಯ ನೀರು ಹನಿಗಟ್ಟುತ್ತಲ್ಲ, ಅದು ಪ್ಲಾಸ್ಟಿಕ್ ಮೇಲೆ ಕೂರಲಿ, ಜರಿ ಮೇಲೆ ಬೇಡ.

ಪತ್ರದ ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು: ಅಟ್ಟದಲ್ಲಿ ಹಕ್ಕಿ ಗೂಡು, ಸತ್ತ ಹಲ್ಲಿ ಏನಾದರೂ ಇದೆಯಾ? ಏಣಿ ಹಾಕಿ ನೋಡಿದೆವು. ಟ್ರಂಕಿನ ನೇರ ಮೇಲೆ, ತೊಲೆಯ ಸಂದಿಯಲ್ಲಿ ಗುಬ್ಬಚ್ಚಿಗಳು ಬಿಟ್ಟುಹೋದ ಗೂಡು. ಬಿಡಿಸಿದರೆ ಗರಿಗಳ ಮಧ್ಯೆ ಅದೇ ಹೊಟ್ಟಿನಂಥ ಪೊರೆಗಳು, ನೂರಕ್ಕೂ ಹೆಚ್ಚು. ಗರಿಯೂ ಉಣ್ಣೆಯ ಹಾಗೆ ಕೆರಾಟಿನ್ನೇ. ಹುಳದ ತವರು ಮೇಲಿತ್ತು, ಟ್ರಂಕು ಅದರ ಕೆಳಗಿನ ನೆಂಟರ ಮನೆ ಅಷ್ಟೇ. ಟ್ರಂಕು ಸುಟ್ಟಿದ್ದರೂ ಮುಂದಿನ ವರ್ಷ ಬೀರುವಿನಲ್ಲಿ ಇವೇ ಸಿಗ್ತಿದ್ದವು.

ಗೂಡನ್ನು ಚೀಲದಲ್ಲಿ ಕಟ್ಟಿ ಹೊರಗೆ ಸುಟ್ಟೆವು. ತೊಲೆಗೆ ಏನೂ ಆಗಿಲ್ಲ ಅಂತ ಮಾವ ಎರಡು ಸಲ ತಟ್ಟಿ ನೋಡಿದರು. ಸೀರೆಯ ತೂತು ಮಡಿಕೆಯೊಳಗೆ ಬೀಳುತ್ತೆ, ಉಟ್ಟರೆ ಕಾಣಲ್ಲ ಅಂತ ಅಜ್ಜಿ ಲೆಕ್ಕ ಹಾಕಿದರು. ಹುಳದ ಹೆಸರು ಹೇಳಿದಾಗ, "ಆಂಥ್ರೀನಸ್ಸೋ ಏನೋ, ಗೂಡು ಹುಡುಕಿದರಲ್ಲ ಅದು ಸರಿ" ಅಂದರು.