ಬಿಳಿಯಾಗಿಯೇ ಉಳಿದ ಸಾಲು

ಕಳೆದ ನವೆಂಬರ್‌ನಲ್ಲಿ ನಮ್ಮ ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ಪ್ರಾಜೆಕ್ಟ್‌ಗಳ ಲೆಕ್ಕ ಇಡುವ ಕೆಲಸವನ್ನು ಮೇಡಂ ನನಗೆ ಒಪ್ಪಿಸಿದರು. ಒಂದು ವಿಷಯದ ಪ್ರಾಜೆಕ್ಟ್‌ಗೆ 10 ಅಂಕ. ಎಂಟು ಗುಂಪು, ಗುಂಪಿಗೆ ಐದು ಜನ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಿಂದ ಬರುವವರು ನಾಲ್ಕು ಗಂಟೆ ಆಯಿತೆಂದರೆ ಬಸ್ಸಿಗೆ ಓಡುತ್ತಾರೆ, ಕಾಲೇಜು ಬಿಟ್ಟ ಮೇಲೆ ಕೂತು ಮಾತಾಡುವುದು ಸಾಧ್ಯವೇ ಇಲ್ಲ. ಹಾಗಾಗಿ ಎಲ್ಲರ ಫೋನಿನಲ್ಲೂ ಕಾಣುವಂತೆ ಗೂಗಲ್ ಶೀಟ್ಸ್‌ನಲ್ಲಿ ಒಂದು ಹಾಳೆ ಮಾಡೋಣ ಎಂದುಕೊಂಡೆ.

ಹಾಳೆಯಲ್ಲಿ ಐದು ಕಾಲಂ: ಗುಂಪು, ಪ್ರಾಜೆಕ್ಟಿನ ಹೆಸರು, ಕೆಲಸ, ಕೊನೆಯ ದಿನ, ಸ್ಥಿತಿ. ಒಂದು ಗುಂಪಿಗೆ ನಾಲ್ಕು ಕೆಲಸದಂತೆ 32 ಸಾಲು. ಕೋಲಾರದ ಎಪಿಎಂಸಿಯಲ್ಲಿ ಟೊಮ್ಯಾಟೊ ಹರಾಜು, ಮಾಲೂರಿನ ಇಟ್ಟಿಗೆ ಗೂಡು, ಮುಳಬಾಗಿಲಿನ ಹೈದರ್ ವಲಿ ದರ್ಗಾ ಹೀಗೆ ಊರೂರಿನ ವಿಷಯಗಳು. ದಿನ ಮೀರಿಯೂ ಮುಗಿಯದ ಕೆಲಸದ ಸಾಲು ತಾನೇ ಕೆಂಪಾಗಬೇಕು ಎಂಬುದು ನನ್ನ ಆಸೆ. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ A2 ರಿಂದ E100 ರವರೆಗೆ ಆಯ್ದುಕೊಂಡು, Format ಮೆನುವಿನಲ್ಲಿ Conditional formatting ತೆರೆದು, Custom formula is ಎಂಬಲ್ಲಿ ಇದನ್ನು ಬರೆದೆ:

```
=AND($D2<TODAY(),$E2<>"ಮುಗಿದಿದೆ")
```

D ಎಂದರೆ ಕೊನೆಯ ದಿನದ ಕಾಲಂ, E ಸ್ಥಿತಿ. ಅಕ್ಷರದ ಹಿಂದಿನ ಡಾಲರ್ ಗುರುತು ಮುಖ್ಯ. ಅದಿಲ್ಲದಿದ್ದರೆ ಪಕ್ಕದ ಕಾಲಂಗೆ ಹೋದಂತೆ ಸೂತ್ರವೂ ಪಕ್ಕಕ್ಕೆ ಸರಿದುಬಿಡುತ್ತದೆ, ಇಡೀ ಸಾಲಿಗೆ ಸರಿಯಾಗಿ ಬಣ್ಣ ಬರುವುದಿಲ್ಲ.

ಒತ್ತಿದ ತಕ್ಷಣ ಹಾಳೆಯ ಕೆಳಗಿನ ಭಾಗವೆಲ್ಲ ಕೆಂಪು! ಏನೂ ಬರೆಯದ ಸಾಲುಗಳೇ ಕೆಂಪಾಗಿದ್ದವು. ಖಾಲಿ ಮನೆಯನ್ನು ಅದು ಸೊನ್ನೆ ಎಂದು ಎಣಿಸುತ್ತದೆ, ಸೊನ್ನೆ ಇಂದಿಗಿಂತ ಚಿಕ್ಕದಲ್ಲವೇ? ನಾನು ನಕ್ಕು, ಸೂತ್ರ ಹಾಕಿದ ಜಾಗವನ್ನು 33ನೇ ಸಾಲಿಗೆ ನಿಲ್ಲಿಸಿ ಎದ್ದುಬಂದೆ. ಆಗಲೇ ಸ್ವಲ್ಪ ಅನುಮಾನಪಟ್ಟಿದ್ದರೆ ಚೆನ್ನಾಗಿತ್ತು. ಬರೆದ ಸಾಲುಗಳಲ್ಲೂ ಕೆಲವು ಕೆಂಪಾಗಿದ್ದವು, ಕೊಟ್ಟ ದಿನ ಇನ್ನೂ ಎರಡು ವಾರ ದೂರವಿದ್ದರೂ. 'ಇಂಟರ್ನೆಟ್ ಸ್ಲೋ ಇರಬೇಕು' ಎಂದು ಯಾರೋ ಅಂದರು, ನಾನೂ ನಂಬಿದೆ.

ಡಿಸೆಂಬರ್ 22, ಸೋಮವಾರ. ಸ್ಪೈರಲ್ ಬೈಂಡಿಂಗ್‌ಗೆ ಕೊಡಲು ಎಲ್ಲರ ಹಾಳೆಗಳನ್ನು ಸೇರಿಸುತ್ತಿದ್ದೆವು. ದರ್ಗಾದ ಪ್ರಾಜೆಕ್ಟಿನಲ್ಲಿ ಸಂದರ್ಶನದ ಭಾಗವೇ ಇಲ್ಲ. ಅದನ್ನು ಬರೆಯಬೇಕಾದವಳು ನನ್ನ ಮುಳಬಾಗಿಲಿನ ಗೆಳತಿ, ಕೊನೆಯ ದಿನ 20. ಅವಳ ದಾದಿ ಆಸ್ಪತ್ರೆಯಲ್ಲಿದ್ದರು, ಹತ್ತು ದಿನ ಅವಳು ಕಾಲೇಜಿಗೇ ಬಂದಿರಲಿಲ್ಲ. ಫೋನ್ ಮಾಡಿದಾಗ ಅವಳು ಹೇಳಿದ್ದು ಒಂದೇ ಮಾತು: "ದಿನಾ ಶೀಟ್ ನೋಡ್ತಿದ್ದೆ ಕಣೇ. ನನ್ನ ಸಾಲು ಕೆಂಪಾಗೇ ಇರಲಿಲ್ಲವಲ್ಲ?"

ನಾನು ತೆರೆದು ನೋಡಿದೆ. ನಿಜ, ಬಿಳಿಯಾಗಿಯೇ ಇತ್ತು. ಅವಳು ಆ ರಾತ್ರಿಯೇ ಕೂತು ಬರೆದು ಕಳಿಸಿದಳು. ಅವಸರದ ಬರಹ, ಐದೂ ಜನರಿಗೆ ಅಂಕ ಕಡಿಮೆ ಬಂತು. ಯಾರೂ ನನ್ನನ್ನು ಬೈಯಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು.

ಆಗಿದ್ದೇನು ಎಂಬುದು ಮರುದಿನ ಲ್ಯಾಬಿನಲ್ಲಿ ಗೊತ್ತಾಯಿತು. ನಾವು ದಿನಾಂಕ ಎಂದು ಕಾಣುವುದು ಅದಕ್ಕೆ ಬರೀ ಒಂದು ಸಂಖ್ಯೆ. ಬಹಳ ಹಿಂದಿನ ಒಂದು ದಿನದಿಂದ ಎಷ್ಟು ದಿನ ಕಳೆಯಿತು ಎಂಬ ಎಣಿಕೆ. ಡಿಸೆಂಬರ್ 5, 2025 ಅದಕ್ಕೆ 45996. Format ಮೆನುವಿನ Number ಆರಿಸಿದರೆ ಆ ಸಂಖ್ಯೆ ಕಾಣುತ್ತದೆ. ನಾನು 5/12/2025 ಎಂದು ಬರೆದ ಮನೆಯಲ್ಲಿ ನೋಡಿದರೆ 45789! ಅದು ಮೇ 12. ನನ್ನ ಹಾಳೆಯ Locale ಅಮೆರಿಕದ್ದಾಗಿತ್ತು, ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಕಣ್ಣಿಗೆ 5/12/2025 ಎಂದೇ ಕಾಣುತ್ತಿದ್ದರಿಂದ ನಮಗೆ ತಿಳಿಯಲೇ ಇಲ್ಲ. ಮೇ ಮುಗಿದು ಎಷ್ಟೋ ದಿನವಾಗಿದ್ದರಿಂದ ಆ ಸಾಲು ಮೊದಲ ದಿನವೇ ಕೆಂಪು.

ಗೆಳತಿಯ 20/12/2025 ಕಥೆ ಇದರ ಉಲ್ಟಾ. ಇಪ್ಪತ್ತನೇ ತಿಂಗಳು ಎಂಬುದಿಲ್ಲ. ಹಾಗಾಗಿ ಅದು ದಿನಾಂಕವೇ ಆಗದೆ, ಹೆಸರು ಬರೆದಂತೆ ಬರೀ ಅಕ್ಷರವಾಗಿ ಉಳಿಯಿತು. ಅಕ್ಷರವನ್ನೂ ಸಂಖ್ಯೆಯನ್ನೂ ಹೋಲಿಸಿದರೆ ಶೀಟ್ಸ್‌ಗೆ ಯಾವಾಗಲೂ ಅಕ್ಷರವೇ ದೊಡ್ಡದು. ಅಂದರೆ ಆ ಸಾಲು ಇಂದಿಗಿಂತ ಹಿಂದಿನದು ಎಂದು ಎಂದೂ ಆಗುವುದಿಲ್ಲ. ಮುಂದಿನ ರಂಜಾನ್ ಬಂದರೂ ಬಿಳಿಯಾಗಿಯೇ ಇರುತ್ತಿತ್ತು. 12ಕ್ಕಿಂತ ಮೊದಲಿನ ದಿನಗಳು ಸುಳ್ಳು ಕೆಂಪು, 12 ದಾಟಿದವು ಸುಳ್ಳು ಬಿಳಿ.

ಗುರುತಿಸುವುದು ಸುಲಭ, ಕಣ್ಣಳತೆಯಲ್ಲೇ ಆಗುತ್ತದೆ. ನಾವು ಜೋಡಣೆ ಬದಲಿಸದಿದ್ದರೆ ನಿಜವಾದ ದಿನಾಂಕ ಮನೆಯ ಬಲಕ್ಕೆ ಅಂಟಿರುತ್ತದೆ, ಅಕ್ಷರ ಎಡಕ್ಕೆ. ನಾನು ಚೆಂದ ಕಾಣಲೆಂದು ಎಲ್ಲವನ್ನೂ ನಡುವಿಗೆ ತಂದಿದ್ದೆ. ಇದ್ದ ಒಂದು ಸುಳಿವನ್ನೂ ನಾನೇ ಅಳಿಸಿದ್ದೆ.

File ಮೆನುವಿನ Settings ನಲ್ಲಿ Locale ಅನ್ನು India ಮಾಡಿದೆ. ಅಷ್ಟಕ್ಕೇ ಹಳೆಯದು ಸರಿಯಾಗಲಿಲ್ಲ. ಮೇ 12 ಮೇ 12 ಆಗಿಯೇ ಉಳಿದು ಈಗ 12/5 ಎಂದು ಕಾಣತೊಡಗಿತು, ಅಕ್ಷರ ಅಕ್ಷರವಾಗಿಯೇ ಉಳಿಯಿತು. 32 ದಿನಾಂಕಗಳನ್ನೂ ಮತ್ತೆ ಟೈಪ್ ಮಾಡಬೇಕಾಯಿತು. ಕೆಂಪಿನ ಸೂತ್ರವನ್ನು ಹೀಗೆ ತಿದ್ದಿದೆ:

```
=AND(ISNUMBER($D2),$D2<TODAY(),$E2<>"ಮುಗಿದಿದೆ")
```

ಇದರ ಜೊತೆ ಹಳದಿ ಬಣ್ಣದ ಇನ್ನೊಂದು ನಿಯಮ:

```
=AND($A2<>"",NOT(ISNUMBER($D2)))
```

ಗುಂಪಿನ ಹೆಸರು ಇದ್ದು ದಿನಾಂಕದ ಜಾಗ ಖಾಲಿ ಇದ್ದರೂ, ಅಲ್ಲಿ ಅಕ್ಷರ ಇದ್ದರೂ ಸಾಲು ಹಳದಿಯಾಗುತ್ತದೆ. ಗೆಳತಿಯ ಸಾಲಿಗೆ ಬೇಕಾಗಿದ್ದದ್ದು ಈ ಹಳದಿ.

ಸ್ಥಿತಿ ಕಾಲಂನದು ಬೇರೆ ರಾಮಾಯಣ. ಒಬ್ಬರು 'ಮುಗೀತು', ಒಬ್ಬರು 'ಡನ್', ಒಬ್ಬ ಮಹಾನುಭಾವ 'ಇನ್ ಶಾ ಅಲ್ಲಾಹ್ ನಾಳೆ' ಎಂದು ಬರೆದಿದ್ದ. ಮಾಲೂರಿನ ಗುಂಪು ಎಲ್ಲರಿಗಿಂತ ಮೊದಲೇ ಮುಗಿಸಿದ್ದರೂ 'ಮುಗಿದಿದೆ' ಪದದ ಕೊನೆಗೆ ಒಂದು ಸ್ಪೇಸ್ ಬಿದ್ದಿದ್ದರಿಂದ, ದಿನ ದಾಟಿದ ಮೇಲೆ ಕೆಂಪಾಗಿಯೇ ನಿಂತಿತ್ತು. ಅವರು ವಾಟ್ಸಾಪ್‌ನಲ್ಲಿ ನಾಲ್ಕು ದಿನ ಬೈಸಿಕೊಂಡರು. ಈಗ Data validation ನಲ್ಲಿ ಡ್ರಾಪ್‌ಡೌನ್ ಇಟ್ಟಿದ್ದೇನೆ: ಆರಂಭಿಸಿಲ್ಲ, ನಡೆಯುತ್ತಿದೆ, ಮುಗಿದಿದೆ. ಮೂರರಲ್ಲಿ ಒಂದನ್ನು ಆರಿಸಬೇಕು, ಬರೆಯುವಂತಿಲ್ಲ. 'ಮುಗಿದಿದೆ' ಎಂದು ಬದಲಿಸುವುದು ಹಾಳೆಗಳನ್ನು ಕೈಯಲ್ಲಿ ಪಡೆದವರು, ಬರೆಯಬೇಕಾದವರಲ್ಲ. ಕೆಂಪು ಹೋಗಲೆಂದು ಮುಗಿಯದ್ದನ್ನು ಮುಗಿಯಿತು ಎನ್ನುವುದು ನಮ್ಮ ತರಗತಿಯಲ್ಲಿ ಒಂದೆರಡು ಸಲ ನಡೆದಿತ್ತು.

ಬಣ್ಣ ಹೇಳಲಾರದ ಸಂಗತಿಯೂ ಇದೆ. ಶ್ರೀನಿವಾಸಪುರದವರ 'ಮಾವಿನ ಮಂಡಿ ಸಮೀಕ್ಷೆ' ಸಾಲು ಸರಿಯಾಗಿಯೇ ಕೆಂಪಾಗಿತ್ತು, ಆದರೆ ಹುಡುಗರದು ತಪ್ಪಿರಲಿಲ್ಲ. ಮಾವಿನ ವಹಿವಾಟು ಬೇಸಿಗೆಯದು, ಡಿಸೆಂಬರ್‌ನಲ್ಲಿ ಮಂಡಿಯಲ್ಲಿ ಹಣ್ಣೆಲ್ಲಿ? ಆ ದಿನಾಂಕ ಹಾಕಿದವಳು ನಾನೇ. ಕೊನೆಗೆ ಅವರು ವ್ಯಾಪಾರಿಗಳ ಮನೆಗೇ ಹೋಗಿ ಹಿಂದಿನ ಸುಗ್ಗಿಯ ವಿಷಯ ಕೇಳಿ ಬರೆದರು. ಅಂದಿನಿಂದ ಆರನೇ ಕಾಲಂ ಒಂದು ಸೇರಿದೆ: 'ಯಾಕೆ ನಿಂತಿದೆ'. ದಾದಿಗೆ ಹುಷಾರಿಲ್ಲ ಎಂದು ಬರೆಯಲು ಮೊದಲೇ ಅಂಥ ಜಾಗ ಇದ್ದಿದ್ದರೆ ನಮ್ಮಲ್ಲಿ ಯಾರಾದರೂ ಆ ಸಂದರ್ಶನ ಮಾಡುತ್ತಿದ್ದೆವು.

ಜನವರಿಯಲ್ಲಿ ಅರ್ಥಶಾಸ್ತ್ರದ ಪ್ರಾಜೆಕ್ಟ್‌ಗೆ ಹೊಸ ಹಾಳೆ ಮಾಡಿದಾಗ ಗೆಳತಿ ಪಕ್ಕದಲ್ಲೇ ಕೂತಿದ್ದಳು. ದಾದಿ ಮನೆಗೆ ಬಂದಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ತನ್ನ ಸಾಲಿನ ದಿನಾಂಕವನ್ನು ತಾನೇ ಒತ್ತಿದಳು, 28/1/2026. ನಂತರ ಪರದೆಯ ಹತ್ತಿರ ಬಗ್ಗಿ, "ಬಲಕ್ಕೆ ಹೋಯ್ತಾ ನೋಡು" ಅಂದಳು. ಹೋಗಿತ್ತು.