80ರ ವಯಸ್ಸಿನಿಂದ ಕಂಡ ನೌಕರಿ

1994ರಲ್ಲಿ ಜೆಫ್ ಬೆಜೋಸ್ ನ್ಯೂಯಾರ್ಕಿನ ಹಣಕಾಸು ಸಂಸ್ಥೆಯೊಂದರಲ್ಲಿ ಉನ್ನತ ಹುದ್ದೆಯಲ್ಲಿದ್ದರು. ಅಂತರ್ಜಾಲದಲ್ಲಿ ಪುಸ್ತಕ ಮಾರುವ ಯೋಚನೆಯನ್ನು ತಿಳಿಸಿದಾಗ ಸಂಸ್ಥೆಯ ಮುಖ್ಯಸ್ಥರು, ಒಳ್ಳೆಯ ನೌಕರಿಯಿಲ್ಲದವನಿಗೆ ಇದು ಇನ್ನಷ್ಟು ಒಪ್ಪುತ್ತದೆ ಎಂದರು; 48 ಗಂಟೆ ಆಲೋಚಿಸಲು ಸೂಚಿಸಿದರು. ಬೆಜೋಸ್ ತಮ್ಮನ್ನು 80ರ ವೃದ್ಧರಾಗಿ ಕಲ್ಪಿಸಿಕೊಂಡರು. ವರ್ಷದ ನಡುವೆ ಬಿಟ್ಟರೆ ಕೈತಪ್ಪುವ ಬೋನಸ್ ಆ ವಯಸ್ಸಿನಲ್ಲಿ ನೆನಪಿಗೂ ಬಾರದು; ಪ್ರಯತ್ನಿಸಲಿಲ್ಲವೆಂಬ ಕೊರಗು ಮಾತ್ರ ಕಾಡೀತು.

ಈ ಲೆಕ್ಕ ಸರಿಹೊಂದಿದ್ದು ರಾಜೀನಾಮೆ ಹಿಂದಿರುಗಬಹುದಾದ ದಾರಿಯಾಗಿದ್ದುದರಿಂದ. ಸೋತರೂ ಅಂಥ ಅನುಭವಿಗೆ ಬೇರೆ ನೌಕರಿ ದೊರೆಯುತ್ತಿತ್ತು. ಮರುವರ್ಷ ತಂದೆತಾಯಿ ಹೂಡಿದ ಉಳಿತಾಯ ಹಾಗಲ್ಲ, ಹೋದರೆ ಹೋಯಿತು. ಮಗನ ಕೊರಗಿನ ಲೆಕ್ಕದಲ್ಲಿ ಅವರ ನಷ್ಟ ಸೇರಿರಲಿಲ್ಲ. ಹಣ ಮುಳುಗುವ ಸಂಭವ ನೂರಕ್ಕೆ 70ರಷ್ಟಿದೆಯೆಂದು ಅವರು ಹೆತ್ತವರಿಗೆ ಮೊದಲೇ ಹೇಳಿದ್ದರು.